ಸೂಜಿ ಚುಚ್ಚಿದ ಮೇಲಿನ ರಿಪೋರ್ಟ್: ಚೀಟಿಯಲ್ಲಿರುವುದನ್ನು ಕ್ರಮವಾಗಿ ಬರೆಯುವುದು ಹೇಗೆ?

ಸ್ಟಾಫ್ ನರ್ಸ್ (ಪ್ರಶ್ನೆ): ಮಾರ್ಚ್ 4ರ ಬೆಳಿಗ್ಗೆ, ಅಂದರೆ ನಿನ್ನೆ, ರಕ್ತ ತೆಗೆಯುವಾಗ ಸೂಜಿ ಚುಚ್ಚಿಕೊಂಡೆ. ಇವತ್ತು ಸಂಜೆಯೊಳಗೆ ಇನ್ಸಿಡೆಂಟ್ ರಿಪೋರ್ಟ್ ಕೊಡಬೇಕು. ಕೈಯಲ್ಲಿರುವುದು ಒಂದೇ ಚೀಟಿ: “ರೋಗಿ ಕೈ ಎಳೆದರು. ಎಡಗೈ ತೋರುಬೆರಳು. ತೊಳೆದೆ. 6.40? ಡ್ಯೂಟಿ ಡಾಕ್ಟರಿಗೆ ಹೇಳಿದೆ. ರಕ್ತ ಕೊಟ್ಟೆ. ಮಾತ್ರೆ 8.15. ಡಬ್ಬ ತುಂಬಿತ್ತು.” ಹಿಂದೆ ಇಂಥ ರಿಪೋರ್ಟ್ ಬರೆದವರು ಸ್ವಲ್ಪ ಹೇಳಿಕೊಡಿ.

ಇನ್ಫೆಕ್ಷನ್ ಕಂಟ್ರೋಲ್ ನರ್ಸ್: ಸಿಸ್ಟರ್, ನಿಮ್ಮ ಚೀಟಿಯ ಕೊನೆಯ ಮಾತನ್ನು ಮೊದಲು ನೋಡಿ. ಬಳಸಿದ ಸೂಜಿ ಹಾಕುವ ಡಬ್ಬ ತುಂಬಿದ್ದು ನಿಮಗೆ ಕೊನೆಗೆ ನೆನಪಾಗಿದೆ, ಆದರೆ ಅದು ಸೂಜಿ ಚುಚ್ಚುವ ಮೊದಲೇ ತುಂಬಿತ್ತು ಅಲ್ವಾ? ಹಾಗಾಗಿ ಅದು ರಿಪೋರ್ಟಿನ ಮೊದಲ ಭಾಗಕ್ಕೆ ಹೋಗಬೇಕು.

ಇನ್ನೊಂದು ಮಾತು ನನ್ನನ್ನು ಕಾಡುತ್ತಿದೆ. ಚೀಟಿಯಲ್ಲಿ ಎರಡು ಕಾರಣ ಇವೆ. ರೋಗಿ ಕೈ ಎಳೆದಾಗ ಚುಚ್ಚಿತೋ, ಅಥವಾ ಸೂಜಿಯನ್ನು ಡಬ್ಬಕ್ಕೆ ಹಾಕುವಾಗ ಚುಚ್ಚಿತೋ? ಡಬ್ಬದ ಹತ್ತಿರ ಆಗಿದ್ದರೆ, ಚುಚ್ಚಿದ್ದು ನಿಮ್ಮ ಕೈಯಲ್ಲಿದ್ದ ಸೂಜಿಯೋ, ಬಾಯಿಂದ ಹೊರಗೆ ಚಾಚಿಕೊಂಡಿದ್ದ ಬೇರೆ ಯಾರದ್ದೋ ಸೂಜಿಯೋ? ಬರೆಯುವ ಮೊದಲು ಇದಕ್ಕೆ ಉತ್ತರ ಬೇಕು. ಯಾರ ರಕ್ತ ಪರೀಕ್ಷೆ ಮಾಡಬೇಕು ಅನ್ನುವುದೇ ಇದರ ಮೇಲೆ ನಿಂತಿದೆ.

ಸೀನಿಯರ್ ನರ್ಸ್: ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಮ್ಮ. ಎಚ್‌ಐವಿ ತಡೆಯುವ ಮಾತ್ರೆಗೆ 72 ಗಂಟೆ ಸಮಯ ಇದೆ, ನೀನು ಅದರೊಳಗೇ ತಗೊಂಡಿದ್ದೀಯ. ತೊಳೆದದ್ದನ್ನು ಬರೆಯುವಾಗ “ಬೆರಳು ಹಿಂಡಿ ರಕ್ತ ತೆಗೆದು, ಸ್ಪಿರಿಟ್ ಹಾಕಿದೆ” ಅಂತ ಸೇರಿಸಿಬಿಡು. ನಮ್ಮ ಕಾಲದಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದೆವು.

ಇನ್ಫೆಕ್ಷನ್ ಕಂಟ್ರೋಲ್ ನರ್ಸ್: ಮೇಡಂ, 72 ಗಂಟೆ ಅನ್ನುವುದು ಕೊನೆಯ ಗಡಿ. ಮೊದಲ ಡೋಸ್ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು, ಎರಡು ಗಂಟೆಯೊಳಗೆ ಆದರೆ ಇನ್ನೂ ಚೆನ್ನ. ಅದಕ್ಕೇ ಚುಚ್ಚಿದ ಸಮಯ, ಮಾತ್ರೆಯ ಸಮಯ ಎರಡೂ ಬೇಕು. ಹಿಂಡುವುದನ್ನೂ ಸ್ಪಿರಿಟ್ ಹಾಕುವುದನ್ನೂ ಈಗ ಬೇಡ ಅನ್ನುತ್ತಾರೆ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದರೆ ಸಾಕು. ಒಂದು ವೇಳೆ ಹಿಂಡಿದ್ದರೆ ಹಿಂಡಿದೆ ಅಂತಲೇ ಬರೆಯಲಿ. ಮಾಡದೇ ಇದ್ದದ್ದನ್ನು ಮಾತ್ರ ಸೇರಿಸುವುದು ಬೇಡ.

ಹೌಸ್‌ಕೀಪಿಂಗ್ ಸೂಪರ್‌ವೈಸರ್: ನನಗೂ ಹೀಗೇ ಆಗಿತ್ತು. ಕಸದ ಚೀಲ ಎತ್ತುವಾಗ ತೊಡೆಗೆ ಏನೋ ಚುಚ್ಚಿತು. ಪ್ಯಾಂಟಿನ ಮೇಲೆ ಸಾಸಿವೆ ಕಾಳಿನಷ್ಟು ರಕ್ತ. ಯಾರ ಸೂಜಿ ಅಂತ ಗೊತ್ತೇ ಆಗಲಿಲ್ಲ. 28 ದಿನ ಮಾತ್ರೆ ನುಂಗಿದೆ, ಮೊದಲ ವಾರ ವಾಕರಿಕೆ ತಡೆಯೋಕೆ ಆಗಲಿಲ್ಲ. ಊಟ ಆದ ಮೇಲೆ ತಗೊಳ್ಳಿ ಸಿಸ್ಟರ್, ಮಧ್ಯ ನಿಲ್ಲಿಸಬೇಡಿ. ನನ್ನ ರಿಪೋರ್ಟಿನಲ್ಲಿ “ಅಜಾಗರೂಕತೆಯಿಂದ” ಅಂತ ಬರೆದಿದ್ದರು. ಚೀಲದೊಳಗೆ ಸೂಜಿ ಹಾಕಿದ್ದು ನಾನಲ್ಲವಲ್ಲ! ಅದು ಇವತ್ತಿಗೂ ನೋವು.

ಸ್ಟಾಫ್ ನರ್ಸ್: ಅಣ್ಣಾ, ಮಾತ್ರೆ ನಿಲ್ಲಿಸುವುದಿಲ್ಲ, ಥ್ಯಾಂಕ್ಸ್.

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಸೂಜಿ ಹೊರಗೆ ತೆಗೆದಿದ್ದೆ. ಎಡಗೈಯಲ್ಲಿ ಹತ್ತಿ ಒತ್ತಿ ಹಿಡಿದಿದ್ದೆ. ಆಗ ರೋಗಿ ಕೈ ಎಳೆದರು, ಹತ್ತಿ ಬಿತ್ತು, ನಾನು ಆ ಕಡೆ ತಿರುಗಿದೆ. ಬಲಗೈ ಸೂಜಿಯನ್ನು ಡಬ್ಬದ ಬಾಯಿಗೆ ಇಡುತ್ತಿತ್ತು. ಅದು ಒಳಗೆ ಹೋಗಲಿಲ್ಲ. ಡಬ್ಬ ಅಲುಗಿತು ಅಂತ ಎಡಗೈಯಿಂದ ಹಿಡಿದೆ, ಆಗ ಚುಚ್ಚಿತು. ನನ್ನ ಸೂಜಿಯೇ ಅನ್ನಿಸುತ್ತದೆ. ಆದರೆ ಬಾಯಲ್ಲಿ ಇನ್ನೊಂದು ಸೂಜಿಯೂ ಇತ್ತು. ಆಣೆ ಇಟ್ಟು ಹೇಳಲಾರೆ. ಡಾಕ್ಟರಿಗೆ ನನ್ನ ರೋಗಿಯ ವಿಷಯ ಮಾತ್ರ ಹೇಳಿದ್ದೆ.

ಇನ್ಫೆಕ್ಷನ್ ಕಂಟ್ರೋಲ್ ನರ್ಸ್: ಹಾಗಾದರೆ ರಿಪೋರ್ಟ್ ಆಮೇಲೆ, ಮೊದಲು ಡಾಕ್ಟರಿಗೆ ಫೋನ್ ಮಾಡಿ. “ಇನ್ನೊಂದು ಸೂಜಿಯೂ ಆಗಿರಬಹುದು” ಅಂತ ಈಗಲೇ ಹೇಳಿ. ನಿಮ್ಮ ರೋಗಿಯ ರಕ್ತದಲ್ಲಿ ಏನೂ ಇಲ್ಲ ಅಂತ ಬಂದರೆ ಮಾತ್ರೆ ನಿಲ್ಲಿಸೋಣ ಅನ್ನಬಹುದು. ಇನ್ನೊಂದು ಸೂಜಿಯ ಸಂಶಯ ಇದ್ದರೆ ಅವರು ಬೇರೆ ಥರ ಯೋಚಿಸಬೇಕಾಗುತ್ತದೆ. ನಿಮ್ಮ ಹೆಪಟೈಟಿಸ್ ಬಿ ಲಸಿಕೆಯ ಕಾರ್ಡ್, ಆ ಲಸಿಕೆ ಕೆಲಸ ಮಾಡಿದೆಯೇ ಅಂತ ತೋರಿಸುವ ಟೈಟರ್ ರಿಸಲ್ಟ್ ಇದ್ದರೆ ಅದನ್ನೂ ತೋರಿಸಿ.

ಸಮಯದ ಮುಂದೆ ಪ್ರಶ್ನೆ ಚಿಹ್ನೆ ಇದೆಯಲ್ಲ, ಅದನ್ನು ಊಹೆಯಿಂದ ಅಳಿಸಬೇಡಿ. ಆ ರೋಗಿಯ ಸ್ಯಾಂಪಲ್ ಟ್ಯೂಬಿನ ಲೇಬಲ್ ನೋಡಿ, ತೆಗೆದ ಸಮಯ ಇರುತ್ತದೆ. ಡಾಕ್ಟರಿಗೆ ಕರೆ ಮಾಡಿದ್ದು ಫೋನಿನಲ್ಲಿ ಸಿಗುತ್ತದೆ.

ಸ್ಟಾಫ್ ನರ್ಸ್: ಡಾಕ್ಟರಿಗೆ ಹೇಳಿದೆ, ಮತ್ತೆ ಬರಲು ಹೇಳಿದ್ದಾರೆ. ಲೇಬಲ್‌ನಲ್ಲಿ 6.35 ಇದೆ. ಫೋನ್ 6.50. ನನ್ನ ರಕ್ತ ಕೊಟ್ಟದ್ದು ಲ್ಯಾಬ್ ಪುಸ್ತಕದಲ್ಲಿ 7.30. ಗ್ಲೌಸ್ ಹಾಕಿದ್ದೆ, ಅದರೊಳಗೆ ರಕ್ತ ಕಾಣಿಸಿತು. ಸೂಜಿ 22 ಗೇಜ್. ಟೈಟರ್ ಹಿಂದೆ ಮಾಡಿಸಿದ್ದೆ, 10ಕ್ಕಿಂತ ಜಾಸ್ತಿ ಇತ್ತು.

ಇನ್ಫೆಕ್ಷನ್ ಕಂಟ್ರೋಲ್ ನರ್ಸ್: ಈಗ ಬರೆಯಬಹುದು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಮಾರ್ಚ್ 4, ಬೆಳಿಗ್ಗೆ 6.35ಕ್ಕೆ (ಟ್ಯೂಬ್ ಲೇಬಲ್ ಪ್ರಕಾರ) ಗ್ಲೌಸ್ ಧರಿಸಿ, 22 ಗೇಜ್ ಸೂಜಿ ಮತ್ತು ಸಿರಿಂಜಿನಿಂದ ರೋಗಿಯ ರಕ್ತ ತೆಗೆದೆ. ಹಾಸಿಗೆಯ ಪಕ್ಕದ ಶಾರ್ಪ್ಸ್ ಡಬ್ಬ ಬಾಯಿಯವರೆಗೆ ತುಂಬಿತ್ತು. ಒಂದು ಸೂಜಿ ಹೊರಗೆ ಕಾಣುತ್ತಿತ್ತು. ಸೂಜಿ ಹೊರತೆಗೆದ ಮೇಲೆ ರೋಗಿ ಕೈ ಎಳೆದುಕೊಂಡರು. ನಾನು ಅವರ ಕಡೆ ತಿರುಗಿದೆ. ಅದೇ ಹೊತ್ತಿನಲ್ಲಿ ಬಲಗೈಯಿಂದ ಸೂಜಿಯನ್ನು ಡಬ್ಬಕ್ಕೆ ಹಾಕುತ್ತಿದ್ದೆ. ಅದು ಒಳಗೆ ಹೋಗಲಿಲ್ಲ. ಅಲುಗಿದ ಡಬ್ಬವನ್ನು ಎಡಗೈಯಿಂದ ಹಿಡಿದಾಗ, ಸುಮಾರು 6.40ಕ್ಕೆ, ಎಡ ತೋರುಬೆರಳಿಗೆ ಸೂಜಿ ಚುಚ್ಚಿತು. ಗ್ಲೌಸ್ ಒಳಗೆ ರಕ್ತ ಕಂಡಿತು. ನನ್ನ ಕೈಯಲ್ಲಿದ್ದ ಸೂಜಿಯೇ ಚುಚ್ಚಿತು ಎಂದು ಭಾವಿಸಿದ್ದೇನೆ, ಖಚಿತವಿಲ್ಲ.

“ಗ್ಲೌಸ್ ತೆಗೆದು ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದೆ. 6.50ಕ್ಕೆ ಡ್ಯೂಟಿ ಡಾಕ್ಟರಿಗೆ ತಿಳಿಸಿದೆ. 7.30ಕ್ಕೆ ನನ್ನ ರಕ್ತದ ಮಾದರಿ ಕೊಟ್ಟೆ. 8.15ಕ್ಕೆ ಮಾತ್ರೆಯ ಮೊದಲ ಡೋಸ್ ತೆಗೆದುಕೊಂಡೆ. ಎರಡನೇ ಸೂಜಿಯ ಸಾಧ್ಯತೆಯನ್ನು ಮಾರ್ಚ್ 5ರಂದು ಡಾಕ್ಟರಿಗೆ ತಿಳಿಸಿದೆ.”

ಆ ಕೊನೆಯ ವಾಕ್ಯ ಮುಜುಗರ ಅನ್ನಿಸಬಹುದು. ಆದರೂ ಬಿಡಬೇಡಿ, ತಡವಾಗಿ ಹೇಳಿದ್ದನ್ನು ತಡವಾಗಿಯೇ ತೋರಿಸಿ. ರೋಗಿಯ ಹೆಸರು, ಎಚ್‌ಐವಿ ರಿಸಲ್ಟ್ ಇಲ್ಲಿ ಬೇಡ. ಆಸ್ಪತ್ರೆ ನಂಬರ್ ಸಾಕು. ನಿಮ್ಮ ರಿಸಲ್ಟ್ ಕೂಡ ನಿಮ್ಮ ಹೆಲ್ತ್ ಫೈಲಿನಲ್ಲಿರಲಿ.

ಮುಂದಿನ ಭಾಗದಲ್ಲಿ ಸುಮ್ನೆ “ಫಾಲೋಅಪ್ ಮಾಡಲಾಗುವುದು” ಅಂತ ಬರೆದರೆ ಯಾರೂ ಮಾಡುವುದಿಲ್ಲ. ತಾರೀಖು ಹಾಕಿ. ಡಾಕ್ಟರು ಪೂರ್ತಿ 28 ದಿನ ಅಂದರೆ ಮಾತ್ರೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆರು ವಾರದ ಪರೀಕ್ಷೆ ಏಪ್ರಿಲ್ 15. ಅದರ ಮುಂದಿನ ಪರೀಕ್ಷೆ ಎಷ್ಟು ತಿಂಗಳಿಗೆ ಅನ್ನುವುದು ಒಂದೊಂದು ಕಡೆ ಒಂದೊಂದು ರೀತಿ, ಡಾಕ್ಟರು ಕೊಟ್ಟ ತಾರೀಖೇ ಬರೆಯಿರಿ. ಡಬ್ಬ ಯಾರು, ಯಾವಾಗ ಬದಲಾಯಿಸಿದರು ಅನ್ನುವುದೂ ಅಲ್ಲೇ ಬರಲಿ.

ವಾರ್ಡ್ ಇನ್‌ಚಾರ್ಜ್: ಡಬ್ಬದ ವಿಷಯ ಬರೆಯುವುದು ಸರಿ. ಆದರೆ “ಬಾಯಿಯವರೆಗೆ” ಅಂದರೆ ನೈಟ್ ಡ್ಯೂಟಿಯ ಹುಡುಗಿಯ ಮೇಲೆ ಬರುತ್ತದೆ. “ಮುಕ್ಕಾಲು ಮೀರಿತ್ತು” ಅಂದರೆ ಸಾಲದೇ? ಮುಕ್ಕಾಲಿಗೇ ಬದಲಾಯಿಸಬೇಕು, ನಿಯಮ ಮೀರಿದ್ದು ಅದರಲ್ಲೂ ಗೊತ್ತಾಗುತ್ತದೆ.

ಹೌಸ್‌ಕೀಪಿಂಗ್ ಸೂಪರ್‌ವೈಸರ್: ಇಲ್ಲ ಮೇಡಂ, ಕಂಡದ್ದನ್ನು ಕಂಡ ಹಾಗೆ ಬರೆಯಲಿ. ಅವರು ಯಾರ ಹೆಸರನ್ನೂ ಬರೆದಿಲ್ಲವಲ್ಲ.

ವಾರ್ಡ್ ಇನ್‌ಚಾರ್ಜ್: ಹೆಸರು ಬರೆಯದಿದ್ದರೂ ಡ್ಯೂಟಿ ಪಟ್ಟಿ ಎಲ್ಲರ ಹತ್ತಿರ ಇರುತ್ತದೆ. ನನಗೆ ಅದೇ ಚಿಂತೆ.

ಸ್ಟಾಫ್ ನರ್ಸ್: “ಬಾಯಿಯವರೆಗೆ” ಅಂತಲೇ ಇಟ್ಟೆ. ಸೂಜಿ ಒಳಗೆ ಹೋಗದೇ ಇದ್ದದ್ದಕ್ಕೆ ಅದೇ ಕಾರಣ. ರಿಪೋರ್ಟ್ ಕೊಡುವ ಮೊದಲು ಆ ಹುಡುಗಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.