ಐದು ಜನರ ಸಂಬಳ, ಪಿಎಫ್ಫು, ಪೇಸ್ಲಿಪ್ಪು

"ಮಾವ, ಹೊಲಿಗೆ ಯೂನಿಟ್‌ನಲ್ಲಿ ಈಗ ಐದು ಜನ ಆದರು. ಒಬ್ಬಳು ಲೋನ್‌ಗೆ ಪೇಸ್ಲಿಪ್ ಕೇಳುತ್ತಿದ್ದಾಳೆ, ಪಿಎಫ್ ಮಾಡಿಸಿ ಅಂತಲೂ ಹಿಂದೆ ಬಿದ್ದಿದ್ದಾಳೆ. ಮಾಡಿಸಲೇಬೇಕಾ? ಸಂಬಳದಲ್ಲಿ ಏನೇನು ಹಿಡಿಯಬೇಕು?"

ಪುಟ್ಟಿ, ಬಸ್ಸಿನಲ್ಲಿದ್ದೇನೆ, ಈ ಸದ್ದಿನಲ್ಲಿ ವಾಯ್ಸ್ ಕಳಿಸಿದರೆ ನಿನಗೆ ಏನೂ ಕೇಳಿಸಲ್ಲ, ಅದಕ್ಕೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡ.

ಮಾಡಿಸಲೇಬೇಕು ಅಂತಿಲ್ಲ. 20 ಜನ ಆದ ಮೇಲೆ ಪಿಎಫ್ ಕಡ್ಡಾಯ, ಇಎಸ್‌ಐ 10 ಜನಕ್ಕೆ. ನಿನಗೆ ಎರಡೂ ಇಲ್ಲ. ಪ್ರೊಫೆಷನಲ್ ಟ್ಯಾಕ್ಸ್ ಕೂಡ ನಮ್ಮಲ್ಲಿ ತಿಂಗಳಿಗೆ 25,000 ಮುಟ್ಟಿದವರಿಗೆ ಮಾತ್ರ. ಆದರೆ ನೀನೂ ಒಪ್ಪಿ, ಕೆಲಸದವರಲ್ಲಿ ಹೆಚ್ಚಿನವರೂ ಒಪ್ಪಿದರೆ ಐದು ಜನಕ್ಕೂ ಪಿಎಫ್ ಮಾಡಿಸಬಹುದು. ಒಂದು ಮಾತು ಮಾತ್ರ ನೆನಪಿಟ್ಟುಕೋ: ಒಮ್ಮೆ ಒಳಗೆ ಹೋದರೆ, ಬೇಡ ಅನಿಸಿದ ಕೂಡಲೇ ಹೊರಗೆ ಬರೋದು ಸುಲಭ ಅಲ್ಲ. ಆರ್ಡರ್ ಇಲ್ಲದ ತಿಂಗಳೂ ಕಟ್ಟಬೇಕು. ಹಾಗಾಗಿ ಮೊದಲು ಲೆಕ್ಕ ನೋಡು.

ಒಬ್ಬೊಬ್ಬರಿಗೆ 16,000 ಕೊಡುತ್ತೀಯ ಅಂದುಕೋ. ಅದರಲ್ಲಿ ಬೇಸಿಕ್ಕೂ ತುಟ್ಟಿಭತ್ಯೆ ಅಂದರೆ ಡಿಎಯೂ ಸೇರಿ 14,000, ಮನೆ ಬಾಡಿಗೆ ಭತ್ಯೆ 2,000. ಪಿಎಫ್ ಲೆಕ್ಕ ಆ 14,000ದ ಮೇಲೆ. ಶೇ. 12 ಅಂದರೆ 1,680 ಅವಳ ಸಂಬಳದಿಂದ, ಇನ್ನೊಂದು 1,680 ನಿನ್ನ ಕೈಯಿಂದ. ನಿನ್ನ ಪಾಲಿನಲ್ಲಿ 1,166 ಪೆನ್ಶನ್‌ಗೆ ಹೋಗುತ್ತೆ, ಉಳಿದ 514 ಅವಳ ಪಿಎಫ್‌ಗೆ. ಇದರ ಮೇಲೆ ಇನ್ಶೂರೆನ್ಸ್ ಅಂತ ತಲೆಗೆ 70 ರೂಪಾಯಿ. ಆಮೇಲೆ ಆಡಳಿತ ಶುಲ್ಕ. ಐದು ಜನಕ್ಕೆ ಅದು ಶೇ. ಅರ್ಧದಂತೆ 350 ಆಗುತ್ತಿತ್ತು, ಆದರೆ ಕನಿಷ್ಠ 500 ಅಂತ ಇದೆ, ಹಾಗಾಗಿ 500 ಕಟ್ಟಲೇಬೇಕು. ಒಟ್ಟು ನಿನ್ನ ಜೇಬಿನಿಂದ ತಿಂಗಳಿಗೆ 9,250 ಹೋಗುತ್ತೆ. 20ಕ್ಕಿಂತ ಕಡಿಮೆ ಜನ ಇರುವ ಕಡೆ ಶೇ. 10ರಂತೆ ಕಟ್ಟುವ ಅವಕಾಶವೂ ಇದೆ, ಆಡಿಟರ್ ಹತ್ತಿರ ಕೇಳು.

ಇಲ್ಲಿ ಎಷ್ಟೋ ಜನ ಒಂದು ಕಿತಾಪತಿ ಮಾಡುತ್ತಾರೆ. 16,000 ಅಂತ ಮಾತಾಡಿ ಕರೆದುಕೊಂಡು, ಆಮೇಲೆ ಎರಡೂ ಪಾಲನ್ನು ಅವಳ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಅದು ಕಾನೂನು ಪ್ರಕಾರ ತಪ್ಪು. ನಿನ್ನ ಪಾಲು ಪೇಸ್ಲಿಪ್‌ನ ಕಡಿತದ ಕಾಲಂನಲ್ಲಿ ಬರಲೇಬಾರದು.

ಈಗ ಪೇಸ್ಲಿಪ್. 30 ದಿನದ ತಿಂಗಳು, ಕಟಿಂಗ್ ಮಾಡುವವಳು ಸಂಬಳದ ರಜೆ ಇಲ್ಲದೆ ಎರಡು ದಿನ ಬಂದಿಲ್ಲ, ಹಬ್ಬಕ್ಕೆ ತಗೊಂಡ ಅಡ್ವಾನ್ಸ್‌ನಲ್ಲಿ ಈ ತಿಂಗಳು 1,000 ವಾಪಸ್ ಅಂತ ಇಟ್ಟುಕೊಳ್ಳೋಣ. 28 ದಿನದ ಸಂಬಳ 14,933. ಪಿಎಫ್ ಪೂರ್ತಿ 14,000ದ ಮೇಲೆ ಹಿಡಿಯಬೇಡ, ಎಲ್ಲರೂ ಎಡವುವುದು ಇಲ್ಲೇ. 28 ದಿನದ ಬೇಸಿಕ್-ಡಿಎ 13,067, ಅದರ ಶೇ. 12 ಅಂದರೆ 1,568. ಕೈಗೆ ಹೋಗುವುದು 14,933ರಲ್ಲಿ 1,568 ಮತ್ತು 1,000 ಕಳೆದು 12,365. ಸ್ಲಿಪ್‌ನಲ್ಲಿ ಹೆಸರು, ಪಿಎಫ್ ಖಾತೆಯ ಯುಎಎನ್ ನಂಬರ್, ತಿಂಗಳು, ಬಂದ ದಿನ, ಬಾರದ ದಿನ, ಬೇಸಿಕ್-ಡಿಎ, ಬಾಡಿಗೆ ಭತ್ಯೆ, ಪಿಎಫ್, ಅಡ್ವಾನ್ಸ್, ಕೊನೆಗೆ ಕೈಗೆ ಬಂದಿದ್ದು ಇಷ್ಟಿದ್ದರೆ ಸಾಕು. ಆ 12,365 ಅವಳ ಪಾಸ್‌ಬುಕ್‌ನಲ್ಲೂ ಅಷ್ಟೇ ಇರಬೇಕು, ಲೋನ್ ಕೊಡುವವರು ಎರಡನ್ನೂ ಪಕ್ಕ ಇಟ್ಟುಕೊಂಡೇ ನೋಡುತ್ತಾರೆ. ಅದಕ್ಕೇ ಸಂಬಳ ಬ್ಯಾಂಕಿಗೇ ಹಾಕು, ಮುಂದಿನ ತಿಂಗಳ 7ರೊಳಗೆ. ಅಡ್ವಾನ್ಸ್ ಕೊಟ್ಟ ದಿನವೇ ನೋಟ್‌ಬುಕ್‌ನಲ್ಲಿ ಸಹಿ ಹಾಕಿಸಿಕೋ, ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ನೀನೊಂದು ಹೇಳುತ್ತೀಯ, ಅವಳೊಂದು ಹೇಳುತ್ತಾಳೆ.

ಪಿಎಫ್ ದುಡ್ಡು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪೋರ್ಟಲ್‌ನಲ್ಲಿ ಎಲ್ಲರ ಸಂಬಳ, ಪಿಎಫ್ ಲೆಕ್ಕ ಇರುವ ಇಸಿಆರ್ ಫೈಲ್ ಹಾಕಿದರೆ ಚಲನ್ ಬರುತ್ತೆ. ಅದೇ ಫೈಲ್‌ನಲ್ಲಿ ಬಾರದ ಆ ಎರಡು ದಿನವನ್ನೂ ತೋರಿಸಬೇಕು. ನಾನು ಹಿಂದೆ ಯೂನಿಟ್ ನಡೆಸುವಾಗ, ಕೆಲಸದವರಿಂದ ಹಿಡಿದ ದುಡ್ಡನ್ನು ಸುಮ್ನೆ ಮೆಷಿನ್ ರಿಪೇರಿಗೆ ಹಾಕಿಬಿಟ್ಟೆ, ಮುಂದಿನ ತಿಂಗಳು ಕಟ್ಟಿದರಾಯಿತು ಅಂತ. ವರ್ಷಕ್ಕೆ ಶೇ. 12ರ ಬಡ್ಡಿ ಬಿತ್ತು, ಅದರ ಮೇಲೆ ದಂಡ ಬೇರೆ. 2022ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು: ಕೆಲಸದವರ ಪಾಲು ಒಂದು ದಿನ ತಡ ಆದರೂ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಅದನ್ನು ಖರ್ಚು ಅಂತ ತೋರಿಸೋಕಾಗಲ್ಲ ಅಂತ ಹೇಳಿತು. ಈಗಿನ ನಿಯಮ ಏನು ಅಂತ ಆಡಿಟರ್ ಹತ್ತಿರವೇ ಕೇಳು.

ಹೆಸರು ಸೇರಿಸುವಾಗ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಹಾಕು, ಇನಿಷಿಯಲ್ ಹಿಂದೆ-ಮುಂದೆ ಆಗಬಾರದು. ಹುಟ್ಟಿದ ತಾರೀಖೂ ಅಷ್ಟೇ. ಅಲ್ಲಿ ತಪ್ಪಾದರೆ ಅವಳು ದುಡ್ಡು ತೆಗೆಯೋಕೆ ಹೋದಾಗ ತಿಂಗಳುಗಟ್ಟಲೆ ಒದ್ದಾಡಬೇಕಾಗುತ್ತೆ.

ನನ್ನ ಸ್ಟಾಪ್ ಬಂತು. ಐದೂ ಜನರ ಆಧಾರ್ ಕಾಪಿ ಇಟ್ಟುಕೊಂಡಿರು, ಭಾನುವಾರ ಬಂದಾಗ ಮೊದಲ ಪೇಸ್ಲಿಪ್ ಇಬ್ಬರೂ ಕೂತು ಮಾಡೋಣ. ನಿಮ್ಮತ್ತೆ ಚಕ್ಕುಲಿ ಕಳಿಸುತ್ತಾಳಂತೆ, ಡಬ್ಬಿ ಖಾಲಿ ಮಾಡಿಟ್ಟಿರು.