ಸಹಾಯ ಬೇಕು: ನೀರಿನ ಚಕ್ರದ ಪೋಸ್ಟರ್‌ಗೆ ಬಣ್ಣ

ಎಲ್ಲರಿಗೂ ನಮಸ್ಕಾರ. ಮೂರನೇ ತರಗತಿ ಮಕ್ಕಳಿಗೆ ನೀರಿನ ಚಕ್ರದ ಪೋಸ್ಟರ್ ಮಾಡುತ್ತಿದ್ದೇನೆ. ಇದಕ್ಕೆ ನೀಲಿ, ಕಿತ್ತಳೆ, ಹಳದಿ ಮೂರೇ ಬಣ್ಣ ಆರಿಸಿಕೊಂಡಿದ್ದೇನೆ. ಬೇರೆ ಛಾಯೆಗಳನ್ನು ಇವಕ್ಕೇ ಬಿಳಿ ಇಲ್ಲವೇ ಕಪ್ಪು ಬೆರೆಸಿ ಮಾಡಿಕೊಳ್ಳುತ್ತೇನೆ. ಬಣ್ಣ ಜಾಸ್ತಿಯಾದರೆ ಮಕ್ಕಳ ಕಣ್ಣು ಬಾಣದ ಗುರುತಿಗೆ ಹೋಗುವುದೇ ಇಲ್ಲ, ಅಲ್ವಾ?

ಆಕಾಶಕ್ಕೆ `#3A86C8`, ಆವಿ ಮೇಲೇರುವ ಬಾಣಕ್ಕೆ `#E4572E` ಹಾಕಿದೆ. ಪರದೆಯ ಮೇಲೆ ಚೆನ್ನಾಗಿತ್ತು. ಶಾಲೆಯ ಕಪ್ಪು-ಬಿಳುಪು ಪ್ರಿಂಟರ್‌ನಲ್ಲಿ ತೆಗೆದರೆ ಬಾಣವೇ ಮಾಯ! ಬಣ್ಣ ಬೇರೆಯಾದರೂ ಎರಡರ ತಿಳಿ-ಗಾಢ ಹೆಚ್ಚುಕಡಿಮೆ ಒಂದೇ, ಅದಕ್ಕೇ ಎರಡೂ ಒಂದೇ ಬೂದು ಆಗಿವೆ. ಹಿಂದಿನ ಬೆಂಚಿನ ಮಗುವಿಗೂ ಬಾಣ ಎದ್ದು ಕಾಣಬೇಕು, ನನಗೆ ಅದೇ ಮುಖ್ಯ.

ಆಕಾಶವನ್ನು `#D6EAF8`ಗೆ ತಿಳಿ ಮಾಡಿದೆ. ಬಾಣ ಸರಿಹೋಯಿತು, ಆದರೆ ಬಿಳಿ ಮೋಡ ಕರಗಿಹೋಯಿತು. ಹಳದಿ ಸೂರ್ಯನೂ ಮಂಕಾದ. ಅಕ್ಷರಗಳೆಲ್ಲ ಗಾಢ ನೀಲಿ `#1B3A6B`, ಅದರಲ್ಲಿ ತೊಂದರೆಯಿಲ್ಲ.

ಮೋಡಕ್ಕೂ ಸೂರ್ಯನಿಗೂ ಅದೇ ಗಾಢ ನೀಲಿಯ ಗೆರೆ ಎಳೆಯಲೇ? ಇಲ್ಲ, ಆಕಾಶವನ್ನು ಮೊದಲಿನಂತೆ ಬಿಟ್ಟು ಬಾಣಕ್ಕೆ ದಪ್ಪ ಬಿಳಿ ಅಂಚು ಕೊಡಲೇ? ಗೋಡೆಗೆ ಅಂಟಿಸುವ ಪೋಸ್ಟರ್ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ. ಶುಕ್ರವಾರ ಪ್ರಿಂಟ್‌ಗೆ ಕೊಡಬೇಕು.