ಪದಚರ್ಚೆ: ‘ಪ್ಯಾಚ್ ಟೆಸ್ಟ್’ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಸಂಜೆಯೊಳಗೆ ಬೇಕು

ದಾವಣಗೆರೆಯಿಂದ, ಕೇಳಿದವರು:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಚರ್ಮದ ಕ್ಲಿನಿಕ್ಕಿಗೆ ಕನ್ನಡದಲ್ಲಿ ಚೀಟಿ ಬರೆದುಕೊಡಬೇಕು, ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಕಪ್ಪು ಹೇರ್ ಡೈಯಲ್ಲಿರುವ ಪ್ಯಾರಾ-ಫಿನೈಲಿನ್‌ಡೈಅಮೀನ್, ಅಂದರೆ ಪಿಪಿಡಿ, ಒಗ್ಗುತ್ತದೋ ಇಲ್ಲವೋ ನೋಡಲು ಬೆನ್ನಿಗೆ ಪಟ್ಟಿ ಅಂಟಿಸುತ್ತಾರಲ್ಲ, ಅದರ ಬಗ್ಗೆ. ‘ತೇಪೆ ಪರೀಕ್ಷೆ’ ಅಂತ ಹಾಕಿದ್ದೇನೆ. ‘ರೀಡಿಂಗ್’ಗೆ ‘ಓದು’ ಆಗುತ್ತದಾ? ಕರಡಿನ ಒಂದು ಸಾಲು ಹೀಗಿದೆ: “24 ಗಂಟೆ ಬಿಟ್ಟು ತೊಳೆದು ನೋಡಿ, ಕೆಂಪಾಗಿದ್ದರೆ ಅಲರ್ಜಿ.”

ಚಿತ್ರದುರ್ಗದಿಂದ, ಮೇಷ್ಟ್ರು:
ತೇಪೆ ಹರಿದ ಅಂಗಿಗೆ, ಬೆನ್ನಿಗಲ್ಲ. ‘ಚರ್ಮ’ ಯಾಕೆ? ತೊಗಲು ಇದೆ. ತಮಿಳಿನ ತೋಲ್, ನಮ್ಮ ತೊಗಲು ಒಂದೇ ಬೇರಿನವು. ಚಿನ್ನವನ್ನು ಒರೆಗೆ ಹಚ್ಚುತ್ತೇವೆ, ಪರೀಕ್ಷೆಗೆ ಕೂರಿಸುವುದಿಲ್ಲ. ‘ತೊಗಲೊರೆ’ ಅನ್ನಿ. ಅಲರ್ಜಿಗೆ ‘ಒಗ್ಗದಿಕೆ’. ಮುಗಿಯಿತು.

ಹರಿಹರದಿಂದ:
ಮುಂಗೈಗೆ ಚುಚ್ಚಿ ಕಾಲು ಗಂಟೆಯಲ್ಲಿ ನೋಡುವುದು ತಾನೇ ಇದು? ‘ಚುಚ್ಚು ಪರೀಕ್ಷೆ’ ಸರಿಹೋಗುತ್ತದೆ. ಅಲರ್ಜಿ ಮಾತ್ರೆ ಮೊದಲೇ ನಿಲ್ಲಿಸಬೇಕು ಅಂತಲೂ ಸೇರಿಸಿ.

ದಾವಣಗೆರೆಯಿಂದ, ನಿವೃತ್ತ ನರ್ಸ್:
ಹರಿಹರದವರೇ, ಅದು ಬೇರೆ ಟೆಸ್ಟ್. ಧೂಳು, ತಿಂಡಿ ಅಲರ್ಜಿಗೆ ಮಾಡುವಂಥದ್ದು. ಮಾತ್ರೆಯ ಮಾತೂ ಅಲ್ಲಿಯದೇ. ಇಲ್ಲಿ ತೊಂದರೆ ಕೊಡುವುದು ಸ್ಟೀರಾಯ್ಡ್. ಅದರ ಮಾತ್ರೆ ನುಂಗುತ್ತಿದ್ದರೆ, ಇಲ್ಲವೇ ಬೆನ್ನಿಗೆ ಅದರ ಮುಲಾಮು ಹಚ್ಚಿದ್ದರೆ, ಇರುವ ಅಲರ್ಜಿಯೂ ಕಾಣದೆ ಹೋಗಬಹುದು.

ಕೇಳಿದವರೇ, ಪದ ಆಮೇಲೆ, ಮೊದಲು ಆ 24 ಗಂಟೆಯ ಸಾಲು ತೆಗೀರಿ. ಅದು ಡೈ ಪೊಟ್ಟಣದ ಮೇಲಿನ ಮಾತು. ಕಲಸಿದ ಬಣ್ಣವನ್ನು ಕಿವಿಯ ಹಿಂದೆಯೋ ಮುಂಗೈ ಒಳಬದಿಗೋ ಹಚ್ಚಿ, ಒಣಗಲು ಬಿಟ್ಟು, ಮರುದಿನ ತೊಳೆದು ನೋಡಿ ಅಂತ ಅದರಲ್ಲಿರುತ್ತದೆ. ಈ ಅಲರ್ಜಿ ನಿಧಾನಿ. ಮರುದಿನ ಏನೂ ಕಾಣದೆ ಮೂರನೇ, ನಾಲ್ಕನೇ ದಿನ ಏಳುವುದುಂಟು.

ಕ್ಲಿನಿಕ್ಕಿನಲ್ಲಿ ಡೈ ಹಚ್ಚುವುದಿಲ್ಲ. ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲಸಿದ 1% ಪಿಪಿಡಿಯನ್ನು ಪುಟ್ಟ ಅಲ್ಯೂಮಿನಿಯಂ ಬಟ್ಟಲಿಗೆ ಹಾಕಿ ಬೆನ್ನಿನ ಮೇಲ್ಭಾಗಕ್ಕೆ ಅಂಟಿಸುತ್ತೇವೆ. 48 ಗಂಟೆ ಅದು ಒದ್ದೆಯಾಗಬಾರದು, ಕೀಳಬಾರದು. ಸೋಮವಾರ ಅಂಟಿಸಿದರೆ ಬುಧವಾರ ತೆಗೆದು, ಪಟ್ಟಿ ಒತ್ತಿದ ಗುರುತು ಇಳಿಯಲು ಅರ್ಧ ಗಂಟೆ ಬಿಟ್ಟು ನೋಡುವುದು. ಶುಕ್ರವಾರ ಮತ್ತೆ. ಸಾಧ್ಯವಾದರೆ ಮುಂದಿನ ಸೋಮವಾರ ಇನ್ನೊಮ್ಮೆ.

ಡೈ ಹಾಕಿಸಿಕೊಂಡು ಕಣ್ಣುರೆಪ್ಪೆ ಊದಿದ್ದ ಒಬ್ಬರು ಬಂದಿದ್ದರು. ಬುಧವಾರ ಮಸುಕು ಕೆಂಪು ಮಾತ್ರ ಇತ್ತು, ‘ಸಂಶಯ’ ಅಂತ ಬರೆದೆವು. ಶುಕ್ರವಾರ ಅದೇ ಜಾಗ ಬೆರಳಿಗೆ ದಪ್ಪಗೆ ಸಿಕ್ಕಿತು, ಮೇಲೆ ಸಣ್ಣ ನೀರುಗುಳ್ಳೆ ಎದ್ದಿದ್ದವು. ಎರಡು ಪ್ಲಸ್ ಅಂತ ಬರೆದೆವು, ಅಂದರೆ ಜೋರು ಅಲರ್ಜಿ. ಬುಧವಾರವೇ ‘ಇಲ್ಲ’ ಅಂದು ಕಳಿಸಿದ್ದರೆ ಮತ್ತೆ ಡೈ ಹಾಕಿಸಿಕೊಳ್ಳುತ್ತಿದ್ದರು ಅಲ್ವಾ? ಬರೀ ಕೆರಳಿಕೆಯಾದರೆ ಸಾಮಾನ್ಯವಾಗಿ ಪಟ್ಟಿ ತೆಗೆದ ಮೇಲೆ ಇಳಿಯುತ್ತಾ ಹೋಗುತ್ತದೆ. ಅಲರ್ಜಿ ಏರುತ್ತದೆ, ಬಟ್ಟಲಿನ ಅಂಚು ದಾಟಿಯೂ ಹರಡಬಹುದು.

‘ಓದು’ ಬೇಡ. ನಮ್ಮ ಕಡೆಯ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣಲ್ಲ, ಸಾಲದ್ದಕ್ಕೆ ಪಿಪಿಡಿ ಕಪ್ಪು ಕಲೆ ಬಿಡಬಹುದು. ಬೆರಳಾಡಿಸಿಯೇ ತಿಳಿಯಬೇಕು.

ಚಿತ್ರದುರ್ಗದಿಂದ, ಮೇಷ್ಟ್ರು:
ಇದು ಪದಚರ್ಚೆಯೋ ಆಸ್ಪತ್ರೆಯೋ? ‘ಪ್ಲಸ್’ ಅಂತೆ. ‘ಕೂಡು’ ಸತ್ತುಹೋಯಿತೇ?

ಹಿರಿಯೂರಿನಿಂದ:
ಮೇಷ್ಟ್ರೇ, ಮೊದಲು ಸಾಬೂನು ಬಿಡಿ, ಅದೂ ಹೊರಗಿನದೇ. ನನ್ನದೊಂದು ಪ್ರಶ್ನೆ. ನಾದಿನಿಯ ಮದುವೆಗೆ ಕಪ್ಪು ಮೆಹಂದಿ ಹಾಕಿಸಿದ್ದೆ, ಡಿಸೈನ್ ಹೇಗಿತ್ತೋ ಹಾಗೇ ಬೊಬ್ಬೆ ಎದ್ದವು. ಈಗ ಕೂದಲಿಗೆ ಹಾಕುವ ಮುಂಚೆ ಕಿವಿ ಹಿಂದೆ ಹಚ್ಚಿ ನೋಡಲಾ?

ದಾವಣಗೆರೆಯಿಂದ, ನಿವೃತ್ತ ನರ್ಸ್:
ಬೇಡಮ್ಮ. ಮೆಹಂದಿ ಕಪ್ಪಗಿರಲಿ ಅಂತ ಎಷ್ಟೋ ಕಡೆ ಇದೇ ಪಿಪಿಡಿ ಬೆರೆಸುತ್ತಾರೆ. ಅಷ್ಟು ಜೋರಾಗಿ ಎದ್ದವರಿಗೆ ಡಾಕ್ಟರೇ 1% ಹಾಕಲು ಹಿಂದೆಮುಂದೆ ನೋಡುತ್ತಾರೆ, 0.1% ಅಥವಾ ಇನ್ನೂ ಕಡಿಮೆಯಿಂದ ಶುರು ಮಾಡುತ್ತಾರೆ. ಮೆಹಂದಿಯ ವಿಷಯ ಹೇಳಿಯೇ ತೋರಿಸಿಕೊಳ್ಳಿ.

ದಾವಣಗೆರೆಯಿಂದ, ಕೇಳಿದವರು:
ತುಂಬಾ ಉಪಕಾರವಾಯಿತು ಅಕ್ಕಾ. ಹೀಗೆ ಬದಲಿಸಿದ್ದೇನೆ: “ಬೆನ್ನುಪಟ್ಟಿ ಪರೀಕ್ಷೆ. ಪಟ್ಟಿಯನ್ನು ನೀವೇ ತೆಗೆಯಬೇಡಿ. ಮೂರು ಸಲ ಬಂದು ತೋರಿಸಿ. ಮೊದಲ ಸಲ ಏನೂ ಕಾಣದಿದ್ದರೂ ಬನ್ನಿ.” ಚರ್ಮ ದಪ್ಪಗಾಗುವುದಕ್ಕೆ ‘ಗಂದೆ’ ಅನ್ನಲೇ?

ದಾವಣಗೆರೆಯಿಂದ, ನಿವೃತ್ತ ನರ್ಸ್:
ಗಂದೆ ಅಲ್ಲ, ಅದು ಎದ್ದು ಕೆಲವೇ ಗಂಟೆಯಲ್ಲಿ ಇಳಿಯುತ್ತದೆ. ‘ದಪ್ಪಗೆ, ಗಟ್ಟಿ’ ಅಂತ ಬರೀರಿ, ಸಾಕು. ಎರಡು ವಾರದ ನಂತರ ಆ ಜಾಗದಲ್ಲಿ ಹೊಸದಾಗಿ ಎದ್ದರೂ ಬರಬೇಕು ಅಂತ ಸೇರಿಸಿ. ಅಪರೂಪಕ್ಕೆ ಟೆಸ್ಟಿನಿಂದಲೇ ಅಲರ್ಜಿ ಹುಟ್ಟುವುದುಂಟು.

ಚಿತ್ರದುರ್ಗದಿಂದ, ಮೇಷ್ಟ್ರು:
‘ಬೆನ್ನುಪಟ್ಟಿ’ ಅಂದರೆ ಜನ ಸೊಂಟದ ಬೆಲ್ಟು ಅಂದುಕೊಳ್ಳುತ್ತಾರೆ. ತೊಗಲೊರೆಗೆ ಏನಾಗಿತ್ತು?